ಫೋಟೊದಲ್ಲಿ ಕಂಡದ್ದು ಕಾಟಿಯೋ, ಎಮ್ಮೆಯೋ, ದನವೋ?

ಕಾಟಿ ಅಥವಾ ಕಾಡುಕೋಣಕ್ಕೆ ಮೊಣಕಾಲಿನಿಂದ ಗೊರಸಿನವರೆಗೆ ಬಿಳಿ ಕಾಲುಚೀಲ ತೊಡಿಸಿದಂಥ ಬಣ್ಣ. ಕಾಡಿನ ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ನೋಡುವವರು ಹೆಚ್ಚಾಗಿ ಎಡವುವುದೂ ಅಲ್ಲೇ. ಊರ ಎಮ್ಮೆಯ ಪೂರ್ವಜನಾದ ಕಾಡು ಎಮ್ಮೆಯ ಕಾಲುಗಳೂ ಕೆಳಭಾಗದಲ್ಲಿ ಮಾಸಲು ಬಿಳಿಯೇ. ಕೆಲವು ಊರ ಎಮ್ಮೆ, ದನಗಳಿಗೂ ಕಾಲು ಬೆಳ್ಳಗಿರುತ್ತದೆ. ಕೆಸರು ಮೆತ್ತಿದರೆ ಅಥವಾ ಹುಲ್ಲು ಮುಚ್ಚಿದರೆ ಕಾಟಿಯ ಬಿಳಿಯೂ ಕಾಣುವುದಿಲ್ಲ. ಆದ್ದರಿಂದ ಕಾಲಿನ ಬಣ್ಣ ಸುಳಿವು ಮಾತ್ರ, ತೀರ್ಪಲ್ಲ.

ಹೆಚ್ಚು ನಂಬಬಹುದಾದದ್ದು ಬೆನ್ನು. ಕಾಟಿಯ ಭುಜದ ಮೇಲಿನ ಬೆನ್ನೆಲುಬಿನ ಮುಳ್ಳುಗಳು ಬಹಳ ಉದ್ದ. ಅವು ಚರ್ಮವನ್ನು ಎತ್ತಿ ಹಿಡಿಯುವುದರಿಂದ ಭುಜದಿಂದ ನಡುಬೆನ್ನಿನವರೆಗೆ ಒಂದು ಏಣು ಏಳುತ್ತದೆ, ಅಲ್ಲಿ ಥಟ್ಟನೆ ತಗ್ಗಾಗುತ್ತದೆ. ನಾಟಿ ದನದ ಹಿಣಿಲಿನಲ್ಲಿ ಮೂಳೆಯಿಲ್ಲ; ಅದು ಮಾಂಸ, ಕೊಬ್ಬಿನ ಗುಬ್ಬು. ಭುಜದ ಮೇಲಷ್ಟೇ ಎದ್ದು, ಬೆನ್ನಿಗೆ ಬರುವ ಮೊದಲೇ ಇಳಿದುಬಿಡುತ್ತದೆ. ಎಮ್ಮೆಗೆ ಇವೆರಡೂ ಇಲ್ಲ, ಅದರ ಬೆನ್ನು ಹೆಚ್ಚುಕಡಿಮೆ ನೇರ.

ತಲೆ ಕಂಡರೆ ಅನುಮಾನ ಉಳಿಯುವುದು ಅಪರೂಪ. ಕಾಟಿಯ ಕೊಂಬು ಪಕ್ಕಕ್ಕೆ ಚಾಚಿ ಮೇಲೇರಿ, ತುದಿಯಲ್ಲಿ ಒಳಕ್ಕೆ ಬಾಗುತ್ತದೆ. ಬುಡ ಹಳದಿ, ತುದಿ ಕಪ್ಪು. ಎರಡು ಕೊಂಬುಗಳ ನಡುವೆ ಬೂದುಬಣ್ಣದ ಹಣೆ ದಿಂಡಿನಂತೆ ಉಬ್ಬಿರುತ್ತದೆ. ಎಮ್ಮೆಯ ಕೊಂಬು ಚಪ್ಪಟೆ, ಅಡ್ಡಗೆರೆಗಳುಳ್ಳದ್ದು, ಹಿಂದಕ್ಕೆ ಬಾಗಿದ್ದು. ಹಳ್ಳಿಕಾರ್ ದನದ ಕೊಂಬುಗಳಾದರೋ ಬುಡದಲ್ಲಿ ಒತ್ತಾಗಿದ್ದು ಹಿಂದಕ್ಕೆ ಚಾಚಿ ಮೇಲೇರುತ್ತವೆ.

ಬಂಡೀಪುರದಂಥ ಕಾಡಿನಲ್ಲಿ ರಾತ್ರಿ ತೆಗೆದ ಒಂದು ಕ್ಯಾಮೆರಾ ಟ್ರ್ಯಾಪ್ ಚಿತ್ರವನ್ನು ನೋಡೋಣ. ಕ್ಯಾಮೆರಾವನ್ನು ಹುಲಿಗಾಗಿ ತಗ್ಗಿನಲ್ಲಿ ಕಟ್ಟಿರುತ್ತಾರೆ. ದೊಡ್ಡ ಪ್ರಾಣಿ ಹತ್ತಿರ ಹಾದರೆ ಹೊಟ್ಟೆ, ಕಾಲುಗಳಷ್ಟೇ ಸಿಗುತ್ತವೆ. ಇನ್‌ಫ್ರಾರೆಡ್ ಬೆಳಕಿನಲ್ಲಿ ಕಪ್ಪು ಮೈಯೂ ಬೂದಾಗಿ ಕಾಣುವುದರಿಂದ ಮೈಬಣ್ಣ ನೆರವಿಗೆ ಬಾರದು. ಕಾಲು ಬೆಳ್ಳಗಿದೆ ಎಂದುಕೊಳ್ಳಿ. ಕಾಡು ಎಮ್ಮೆ ಇಂದು ಉಳಿದಿರುವುದು ಮುಖ್ಯವಾಗಿ ಅಸ್ಸಾಂ ಮತ್ತು ಮಧ್ಯಭಾರತದ ಕೆಲವೆಡೆ. ಕರ್ನಾಟಕದಲ್ಲಿ ಇಲ್ಲವಾದ್ದರಿಂದ ಅದನ್ನು ಮೊದಲೇ ಕೈಬಿಡಬಹುದು. ಉಳಿದದ್ದು ಕಾಟಿ, ಊರ ಎಮ್ಮೆ, ದನ. ಆಗ ಅದೇ ಸರಣಿಯ ಹಿಂದುಮುಂದಿನ ಚಿತ್ರಗಳಲ್ಲಿ ಪ್ರಾಣಿ ದೂರ ಸರಿದಾಗಿನ ಬೆನ್ನನ್ನು ಹುಡುಕಬೇಕು. ಏಣು ನಡುಬೆನ್ನಿನಲ್ಲಿ ಮುರಿದರೆ ಕಾಟಿ. ಕುತ್ತಿಗೆಯಲ್ಲಿ ಹಗ್ಗವೋ ಗಂಟೆಯೋ ಕಂಡರೆ ಬೇರೆ ಸಾಕ್ಷಿ ಬೇಡ.

ಕರುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕಾಟಿಯ ಎಳೆಗರು ಹೊಂಬಣ್ಣದ್ದು, ಬೆಳೆದಂತೆ ಕಂದಾಗುತ್ತದೆ. ಏಣಾಗಲಿ ಕೊಂಬಾಗಲಿ ಮೂಡಿರದ ಕಾರಣ ಊರ ಕರುವೆಂದೇ ತೋರುತ್ತದೆ. ಅದನ್ನು ಜೊತೆಗಿರುವ ತಾಯಿಯಿಂದಲೇ ಗುರುತಿಸಬೇಕು. ಊರ ದನವನ್ನು ಕಾಟಿಯೆಂದು ಬರೆದರೆ ಹುಲಿಯ ಬೇಟೆಪ್ರಾಣಿಗಳ ಲೆಕ್ಕ ಹಿಗ್ಗುತ್ತದೆ, ಕಾಡಿಗೆ ಮೇಯಲು ಬರುವ ಜಾನುವಾರಿನ ಲೆಕ್ಕ ಕುಗ್ಗುತ್ತದೆ. ಬೆನ್ನೂ ತಲೆಯೂ ಯಾವ ಚಿತ್ರದಲ್ಲೂ ಸಿಗದಿದ್ದರೆ ‘ಗುರುತಾಗಿಲ್ಲ’ ಎಂದು ನಮೂದಿಸುವುದೇ ಸರಿ.