ಪಾಸ್‌ಬುಕ್ಕಿನ ಸಾಲು ಯಾವ ಖಾತೆಗೆ?

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವಲ್ಲ, ಕೈಸಾಲವೂ ಮನೆಯವರು ಹಾಕಿದ ದುಡ್ಡೂ ಅದರಲ್ಲಿ ಸೇರಿದೆ ಎಂದು ಹಲವು ವ್ಯಾಪಾರಿಗಳು ಹೇಳಿದರು. ಅದು ನಿಜವೇ ಇರಬಹುದು. ಆದರೆ ಯಾವ ಸಾಲು ಮಾರಾಟದ್ದು, ಯಾವುದು ಕೈಸಾಲದ್ದು ಎಂದು ಆಯಾ ತಿಂಗಳೇ ಬೇರೆ ಮಾಡಿ ಇಟ್ಟಿದ್ದವರಿಗೆ ಮಾತ್ರ ಅದನ್ನು ಸುಲಭವಾಗಿ ತೋರಿಸಿಕೊಡಲು ಸಾಧ್ಯ.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಾರೀಖಿನ ಪಕ್ಕ ಬರುವ ವಿವರದ ಸಾಲಿಗೆ ಲೆಕ್ಕ ಬರೆಯುವವರು ನ್ಯಾರೇಶನ್ ಎನ್ನುತ್ತಾರೆ. ಹಣ ಯಾವ ದಾರಿಯಲ್ಲಿ ಬಂತು ಅಥವಾ ಹೋಯಿತು ಎಂಬುದನ್ನು ಈ ಸಾಲು ಹೇಳುತ್ತದೆ. ಯಾತಕ್ಕಾಗಿ ಎಂಬುದನ್ನು ಬಹುಮಟ್ಟಿಗೆ ಹೇಳುವುದಿಲ್ಲ. ಲೆಡ್ಜರಿನ ಖಾತೆ ನಿರ್ಧಾರವಾಗುವುದು ಮಾತ್ರ ಆ ‘ಯಾತಕ್ಕಾಗಿ’ಯ ಮೇಲೆ. ಈ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ.

ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯ ಕರೆಂಟ್ ಅಕೌಂಟಿನಲ್ಲಿ ಮೂರು ದಿನದ ಸಾಲುಗಳು ಹೀಗಿವೆ ಎಂದಿಟ್ಟುಕೊಳ್ಳೋಣ:

```
03/06  ATM WDL             20,000.00 Dr
04/06  UPI/CR/MANJUNATH    15,000.00 Cr
05/06  POS SETTLEMENT      19,575.20 Cr
05/06  SMS CHRG                17.70 Dr
05/06  ACH D-TERM LOAN     18,500.00 Dr
```

ಮೊದಲಿಗೆ Dr, Cr ಗುರುತು. ಇವು ಬ್ಯಾಂಕಿನ ಕಡೆಯಿಂದ ಬರೆದವು. ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆಯ ಬದಿ ತಿರುಗಬೇಕು: ಅಲ್ಲಿ Cr ಎಂದಿರುವುದು ಇಲ್ಲಿ ಬ್ಯಾಂಕ್ ಖಾತೆಗೆ ಡೆಬಿಟ್.

ಎಟಿಎಂನಿಂದ ತೆಗೆದ ಇಪ್ಪತ್ತು ಸಾವಿರವನ್ನು ‘ಅಂಗಡಿ ಖರ್ಚು’ ಎಂದು ಬರೆದುಬಿಡುವುದು ತುಂಬ ಸಾಮಾನ್ಯವಾದ ತಪ್ಪು. ಹಣ ಬ್ಯಾಂಕಿನಿಂದ ಗಲ್ಲಾಪೆಟ್ಟಿಗೆಗೆ ಬಂದಿದೆ, ಅಷ್ಟೇ. ಇನ್ನೂ ಯಾರಿಗೂ ಕೊಟ್ಟಿಲ್ಲ. ಆದ್ದರಿಂದ ಇದು ಕಾಂಟ್ರಾ ನಮೂದು: ನಗದು ಖಾತೆಗೆ ಡೆಬಿಟ್, ಬ್ಯಾಂಕ್ ಖಾತೆಗೆ ಕ್ರೆಡಿಟ್. ಆ ಹಣದಿಂದ ಹಮಾಲಿ, ಟೆಂಪೋ ಬಾಡಿಗೆ ಕೊಟ್ಟಾಗ ಅದು ಖರ್ಚಾಗುತ್ತದೆ. ಮನೆಗೆ ಒಯ್ದರೆ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹೋಗುತ್ತದೆ. ತೆಗೆದ ದಿನವೇ ಖರ್ಚೆಂದು ಬರೆದು, ಆಮೇಲೆ ಟೆಂಪೋ ಬಾಡಿಗೆಯ ಚೀಟಿಯನ್ನೂ ನಗದು ಖರ್ಚೆಂದು ಬರೆದರೆ ಒಂದೇ ದುಡ್ಡು ಎರಡು ಸಲ ಖರ್ಚಾದಂತಾಯಿತು. ಇದು ತಾನಾಗಿಯೇ ಹೊರಬೀಳುವ ತಪ್ಪು. ನಗದು ಖಾತೆ ಮೈನಸ್ ತೋರಿಸುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಸೊನ್ನೆಗಿಂತ ಕಡಿಮೆ ದುಡ್ಡು ಇರಲಾರದು. ಹಾಗಾಗಿ ಮೈನಸ್ ಕಂಡ ದಿನದಿಂದ ಹಿಂದಕ್ಕೆ ಹೋಗಿ ಎಟಿಎಂ ಸಾಲುಗಳನ್ನು ಮತ್ತು ಬರೆಯದೆ ಬಿಟ್ಟ ನಗದು ಮಾರಾಟವನ್ನು ಹುಡುಕಬೇಕು.

ಮಂಜುನಾಥನ ಹದಿನೈದು ಸಾವಿರ ಹೆಚ್ಚು ನಾಜೂಕಿನದು. ಆತ ಅಂದು ಪೇಂಟ್ ಕೊಂಡು ದುಡ್ಡು ಕಳಿಸಿದ್ದರೆ ಅದು ಅಂದಿನ ಮಾರಾಟ. ಕಳೆದ ತಿಂಗಳು ಉದ್ರಿ ಒಯ್ದದ್ದಕ್ಕೆ ಈಗ ಕೊಟ್ಟಿದ್ದರೆ ಮಾರಾಟದ ಖಾತೆಯನ್ನು ಮುಟ್ಟಲೇಬಾರದು. ಬಿಲ್ ಮಾಡಿದ ದಿನವೇ ಆ ಮಾರಾಟ ಲೆಕ್ಕಕ್ಕೆ ಬಂದಿದೆ, ಈಗ ಮಂಜುನಾಥನ ಹೆಸರಿನ ಬಾಕಿ ಮಾತ್ರ ಇಳಿಯಬೇಕು. ಆತ ಮಾಲೀಕರ ಭಾವಮೈದುನನಾಗಿದ್ದು ಕೈಸಾಲ ಕೊಟ್ಟಿದ್ದರೆ ಅದು ಸಾಲದ ಖಾತೆ, ಆದಾಯವೇ ಅಲ್ಲ. ಮೂರು ಸಂದರ್ಭದಲ್ಲೂ ಸ್ಟೇಟ್‌ಮೆಂಟಿನ ಸಾಲು ಅಕ್ಷರವೂ ಬದಲಾಗದೆ ಹಾಗೇ ಇರುತ್ತದೆ. ಹೆಸರು ನೋಡಿ ಊಹಿಸುವುದು ಇಲ್ಲಿ ಸಲ್ಲದು; ಬಿಲ್ ಪುಸ್ತಕ ನೋಡಬೇಕು, ಇಲ್ಲವೇ ಮಾಲೀಕರನ್ನು ಕೇಳಬೇಕು. ಹಣ ಕಳಿಸುವಾಗ ಯುಪಿಐ ಆ್ಯಪಿನ ಟಿಪ್ಪಣಿ ಜಾಗದಲ್ಲಿ ಬಿಲ್ ನಂಬರ್ ಬರೆಯಿರಿ ಎಂದು ಖಾಯಂ ಗಿರಾಕಿಗಳಿಗೆ ಹೇಳಿದರೆ ಎಷ್ಟೋ ಉಪಕಾರ. ಆದರೆ ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟಿನಲ್ಲಿ ಆ ಟಿಪ್ಪಣಿ ಅರ್ಧಕ್ಕೇ ಕತ್ತರಿಸಿ ಬರುತ್ತದೆ.

ಕಾರ್ಡ್ ಮೆಷಿನ್ನಿನ ಸಾಲಿನಲ್ಲಿ ಬಂದಿರುವುದು 19,575 ರೂಪಾಯಿ 20 ಪೈಸೆ. ಪೈಸೆ ಸಮೇತ ಬಂದ ಮೊತ್ತ ಕಂಡರೆ ಒಳಗೆ ಏನೋ ಕಡಿತವಾಗಿದೆ ಎಂದು ಅನುಮಾನಿಸಬಹುದು. ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿದ್ದು 20,000 ರೂಪಾಯಿಗೆ. ಮೆಷಿನ್ ಕೊಟ್ಟವರ ಜೊತೆಗಿನ ಒಪ್ಪಂದದ ದರ ಶೇ 1.8 ಎಂದಾದರೆ ಅವರ ಕಮಿಷನ್ 360 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 64.80. ಎರಡನ್ನೂ ಕಳೆದು ಮರುದಿನ ಖಾತೆಗೆ ಹಾಕಿದ್ದಾರೆ. ಬಂದಷ್ಟನ್ನೇ ಮಾರಾಟವೆಂದು ಬರೆದರೆ ಬಿಲ್ಲಿಗೂ ಪುಸ್ತಕಕ್ಕೂ 424.80 ರೂಪಾಯಿ ವ್ಯತ್ಯಾಸ ಉಳಿಯುತ್ತದೆ. ಮಾರಾಟ ಪೂರ್ತಿ 20,000ವೇ. 360 ಕಾರ್ಡ್ ಕಮಿಷನ್ ಖರ್ಚು. 64.80 ಜಿಎಸ್‌ಟಿ ಇನ್‌ಪುಟ್ ಖಾತೆಗೆ, ರಾಜಿ ತೆರಿಗೆ ಯೋಜನೆಯಲ್ಲಿರುವ ಅಂಗಡಿಯಾದರೆ ಅದೂ ಖರ್ಚಿಗೇ. 17.70ರ ಎಸ್‌ಎಂಎಸ್ ಶುಲ್ಕವೂ ಇದೇ ರೀತಿ 15 ರೂಪಾಯಿ ಶುಲ್ಕ ಮತ್ತು 2.70 ಜಿಎಸ್‌ಟಿ.

ಸಾಲದ ಕಂತಿನ 18,500ರಲ್ಲಿ ಅಸಲು, ಬಡ್ಡಿ ಎರಡೂ ಬೆರೆತಿವೆ. ಬಡ್ಡಿ ಮಾತ್ರ ಖರ್ಚು. ಅಸಲು ಸಾಲದ ಖಾತೆಯನ್ನು ಇಳಿಸುತ್ತದೆ. ಎಷ್ಟೆಷ್ಟು ಎಂಬುದನ್ನು ಬ್ಯಾಂಕ್ ಕೊಟ್ಟ ಕಂತಿನ ಪಟ್ಟಿ ನೋಡಿಯೇ ಬರೆಯಬೇಕು.

ತಿಂಗಳಿಗೆ ಐನೂರು ಸಾಲು ಇರುವಲ್ಲಿ ಎಲ್ಲವನ್ನೂ ಕಣ್ಣಿನಲ್ಲೇ ವಿಂಗಡಿಸಲಾಗದು. ಸ್ಟೇಟ್‌ಮೆಂಟನ್ನು ಎಕ್ಸೆಲ್‌ಗೆ ಇಳಿಸಿಕೊಂಡು ಪದ ಹುಡುಕಿ ಖಾತೆ ಹಚ್ಚುವ ಸೂತ್ರ ಬರೆಯುವುದು ರೂಢಿ. ಬಡ್ಡಿಯ ಸಾಲುಗಳನ್ನು ಹಿಡಿಯಲು ಹೊಸಬರು ಹೀಗೆ ಬರೆಯುತ್ತಾರೆ:

```
=IF(ISNUMBER(SEARCH("INT",B2)),"Interest","")
```

ಅಂಗಡಿಯ ಬಿಲ್ ಪುಸ್ತಕ ಅಚ್ಚು ಹಾಕಿಕೊಟ್ಟ ಪ್ರೆಸ್ಸಿಗೆ ಕೊಟ್ಟ ಹಣವೂ ಬಡ್ಡಿಯ ಖಾತೆಗೆ ಹೋಗಿ ಕೂರುತ್ತದೆ, ಏಕೆಂದರೆ PRINTERS ಎಂಬುದರ ಹೊಟ್ಟೆಯಲ್ಲಿ INT ಇದೆ. ATM ಎಂದು ಹುಡುಕಿದರೆ ATMARAM ಎಂಬ ಗಿರಾಕಿ ಸಿಕ್ಕಿಬೀಳುತ್ತಾನೆ. ಆದ್ದರಿಂದ INT PD, ATM WDL ಎಂದು ನಿಮ್ಮ ಬ್ಯಾಂಕ್ ಬರೆಯುವ ಪೂರ್ತಿ ಪದಗುಚ್ಛವನ್ನೇ ಕೊಡಬೇಕು. ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಆದ್ದರಿಂದ ಒಂದು ಬ್ಯಾಂಕಿಗೆ ಬರೆದ ಸೂತ್ರವನ್ನು ಇನ್ನೊಂದಕ್ಕೆ ಹಾಗೇ ಹಚ್ಚಬಾರದು. ಜೊತೆಗೆ ಹಣ ಬಂದದ್ದೋ ಹೋದದ್ದೋ ಎಂಬುದನ್ನೂ ಷರತ್ತಿನಲ್ಲಿ ಸೇರಿಸಬೇಕು: ಬಂದ ಬಡ್ಡಿ ಆದಾಯ, ಕೊಟ್ಟ ಬಡ್ಡಿ ಖರ್ಚು. ಸೂತ್ರ ಹಚ್ಚುವ ಮೊದಲು, ಹೋಗಿ ಮತ್ತೆ ವಾಪಸ್ ಬಂದ ಯುಪಿಐ ಜೋಡಿಗಳನ್ನು ಒಂದೇ ರೆಫರೆನ್ಸ್ ನಂಬರ್ ಮತ್ತು ಒಂದೇ ಮೊತ್ತ ನೋಡಿ ಹೊರಗಿಡುವುದು ಒಳ್ಳೆಯದು. ಇಲ್ಲದಿದ್ದರೆ ವಾಪಸ್ ಬಂದ ನಮ್ಮದೇ ದುಡ್ಡು ಮಾರಾಟವಾಗಿ ನಿಲ್ಲುತ್ತದೆ.

ಕರೆಂಟ್ ಅಕೌಂಟಿನಿಂದ ಅಂಗಡಿಯದೇ ಇನ್ನೊಂದು ಖಾತೆಗೆ ಕಳಿಸಿದ ಹಣ ಎರಡು ಸ್ಟೇಟ್‌ಮೆಂಟಿನಲ್ಲೂ ಕಾಣುತ್ತದೆ. ಅದನ್ನು ಒಂದೇ ಸಲ, ಕಾಂಟ್ರಾ ಎಂದು ಬರೆಯಬೇಕು.

ಇಷ್ಟಾದರೂ ಗೊತ್ತಾಗದ ಸಾಲುಗಳು ಉಳಿಯುತ್ತವೆ. ಅವು ಸಸ್ಪೆನ್ಸ್ ಖಾತೆಗೆ ಸೇರಬೇಕು. ಗೊತ್ತಿಲ್ಲದ್ದನ್ನು ‘ಇತರೆ ಖರ್ಚು’ ಅಥವಾ ‘ಮಾರಾಟ’ಕ್ಕೆ ದೂಡುವುದನ್ನು ನಾನು ಒಪ್ಪುವುದಿಲ್ಲ, ಆ ಹೆಸರು ಬಿದ್ದ ಮೇಲೆ ಅದನ್ನು ಯಾರೂ ಮತ್ತೆ ಪ್ರಶ್ನಿಸುವುದಿಲ್ಲ. ಸಸ್ಪೆನ್ಸಿನಲ್ಲಿದ್ದರೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇನ್ನೊಂದು ಎಚ್ಚರಿಕೆ: ಪುಸ್ತಕದ ಬ್ಯಾಂಕ್ ಬಾಕಿ ಸ್ಟೇಟ್‌ಮೆಂಟಿನ ಬಾಕಿಗೆ ತಾಳೆಯಾಯಿತು ಎಂದು ಸಮಾಧಾನಪಡಬೇಡಿ. ಎಲ್ಲ ಸಾಲುಗಳೂ ಬಂದಿವೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಮಂಜುನಾಥನ ಕೈಸಾಲವನ್ನು ಮಾರಾಟವೆಂದು ಬರೆದರೂ ಬಾಕಿ ಸರಿಯಾಗಿಯೇ ತಾಳೆಯಾಗುತ್ತದೆ.

ತಿಂಗಳು ಮುಗಿದ ಮೊದಲ ವಾರದಲ್ಲೇ ಸಸ್ಪೆನ್ಸ್ ಪಟ್ಟಿಯನ್ನು ಮುದ್ರಿಸಿ ಮಾಲೀಕರ ಮುಂದಿಡಿ, ಒಂದೊಂದು ಸಾಲಿನ ಎದುರೂ ಕಾರಣ ಬರೆಸಿಕೊಳ್ಳಿ, ಆ ಹಾಳೆಯನ್ನು ಸ್ಟೇಟ್‌ಮೆಂಟಿನ ಜೊತೆ ಫೈಲಿಗೆ ಸೇರಿಸಿ. ಮಾರ್ಚ್ ಕೊನೆಯಲ್ಲಿ ಕೇಳಿದರೆ ಜೂನ್ ತಿಂಗಳ ಹದಿನೈದು ಸಾವಿರ ಯಾರಿಗೂ ನೆನಪಿರುವುದಿಲ್ಲ.