ಪ್ರೊಬೇಷನ್ನಿನ ಆರು ತಿಂಗಳು ಎಲ್ಲಿ ಹೋಯಿತು?

ಬೆಂಗಳೂರಿನ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ವಯಸ್ಸು 52. ಮೂರು ಕಡೆ ದುಡಿದಿದ್ದಾಳೆ. ಮೊದಲನೆಯ ಕಾರ್ಖಾನೆಗೆ 2011ರ ಜುಲೈ 1ರಂದು ಸೇರಿ 2014ರ ಕೊನೆಗೆ ಬಿಟ್ಟಳು. ಎರಡನೆಯದರಲ್ಲಿ 2015ರ ಫೆಬ್ರವರಿಯಿಂದ 2018ರ ಜನವರಿವರೆಗೆ ಮೂರು ವರ್ಷ ಇದ್ದಳು. ಅಲ್ಲಿ ಅವಳನ್ನು ಕೆಲಸಕ್ಕೆ ಇಟ್ಟುಕೊಂಡವನು ಗುತ್ತಿಗೆದಾರ. ಮೂರನೆಯದರಲ್ಲಿ 2018ರ ಮಾರ್ಚ್ 1ರಿಂದ 2024ರ ಮೇ 31ರವರೆಗೆ. ಬೆರಳೆಣಿಸಿದರೆ ಹನ್ನೆರಡೂಮುಕ್ಕಾಲು ವರ್ಷ ಆಗುತ್ತದೆ. ಪಿಎಫ್ ಪಿಂಚಣಿಗೆ ಬೇಕಾದದ್ದು 10 ವರ್ಷ. ಆದರೂ ಕಚೇರಿಯ ಲೆಕ್ಕದಲ್ಲಿ ಅವಳ ಸೇವೆ 9 ವರ್ಷ 3 ತಿಂಗಳು ಮಾತ್ರ, ಪಿಂಚಣಿ ಇಲ್ಲ. ಉಳಿದ ಮೂರೂವರೆ ವರ್ಷ ಎಲ್ಲಿ ಹೋಯಿತು ಎಂದು ಹುಡುಕಿದರೆ ಈ ಲೆಕ್ಕದ ಒಳಮರ್ಮ ತಿಳಿಯುತ್ತದೆ.

ಇಲ್ಲಿ ಹೇಳುತ್ತಿರುವುದು ನೌಕರರ ಪಿಂಚಣಿ ಯೋಜನೆಯ ಮಾತು. 1995ರ ನವೆಂಬರ್ 16ರಿಂದ ಜಾರಿಯಲ್ಲಿದೆ. ಪಿಎಫ್‌ಗೆಂದು ಮಾಲೀಕ ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಸಂಬಳ ಎಷ್ಟೇ ಇರಲಿ, 15,000 ರೂಪಾಯಿಯವರೆಗಿನ ಮೊತ್ತದ ಮೇಲೆ ಮಾತ್ರ ಈ ಪಾಲು, ಅಂದರೆ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ. ನಮ್ಮ ಸಂಬಳದಿಂದ ಹಿಡಿದುಕೊಳ್ಳುವ ದುಡ್ಡಿನಲ್ಲಿ ಒಂದು ಪೈಸೆಯೂ ಪಿಂಚಣಿಗೆ ಹೋಗುವುದಿಲ್ಲ. ಆದ್ದರಿಂದಲೇ ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಕಂಡ ಮಾತ್ರಕ್ಕೆ ಪಿಂಚಣಿ ಸೇವೆ ಜಮೆಯಾಗುತ್ತಿದೆ ಎಂದು ನಂಬಿ ಕೂರಬಾರದು.

ಮೊದಲನೆಯ ಕಾರ್ಖಾನೆಯಿಂದ ಶುರುಮಾಡೋಣ. ಅಲ್ಲಿ ಅವಳಿಗೆ ಆರು ತಿಂಗಳು ಪ್ರೊಬೇಷನ್. ‘ಕಾಯಂ ಆದಮೇಲೆ ಪಿಎಫ್’ ಎಂದರು, ಇವಳೂ ತಲೆಯಾಡಿಸಿದಳು. 2012ರ ಜನವರಿಯಿಂದ ವಂತಿಗೆ ಶುರುವಾಯಿತು, ದಾಖಲೆಯಲ್ಲಿ ಸೇರಿದ ದಿನಾಂಕವೂ ಅದೇ ಆಯಿತು. ಈ ಮಾತನ್ನು ಎಷ್ಟೋ ಕಡೆ ಕಾನೂನಿನಷ್ಟೇ ಖಚಿತವಾಗಿ ಹೇಳುತ್ತಾರೆ, ಆದರೆ ಅದಕ್ಕೆ ಕಾನೂನಿನ ಆಧಾರವಿಲ್ಲ. ಬಹಳ ಹಿಂದೆ ಇಂತಿಷ್ಟು ದಿನ ದುಡಿದಮೇಲಷ್ಟೇ ಸದಸ್ಯತ್ವ ಎಂಬ ನಿಯಮ ಇತ್ತು. ಅದು ಹೋಗಿ ದಶಕಗಳೇ ಆದವು. ಈಗ ಕೆಲಸಕ್ಕೆ ಕಾಲಿಟ್ಟ ದಿನದಿಂದಲೇ ಸದಸ್ಯತ್ವ. ಪ್ರೊಬೇಷನ್, ಟ್ರೈನಿ, ತಾತ್ಕಾಲಿಕ ಎಂಬ ಹೆಸರುಗಳಿಗೆ ಇಲ್ಲಿ ಬೆಲೆಯಿಲ್ಲ. ಹೊರಗಿಟ್ಟಿರುವುದು 1961ರ ಅಪ್ರೆಂಟಿಸ್ ಕಾಯ್ದೆಯಡಿ ಅಥವಾ ಕಾರ್ಖಾನೆಯ ಸ್ಥಾಯಿ ಆದೇಶಗಳಡಿ ತರಬೇತಿಗೆ ತೆಗೆದುಕೊಂಡವರನ್ನು ಮಾತ್ರ. ಬರೀ ‘ಟ್ರೈನಿ’ ಎಂದು ಗುರುತಿನ ಚೀಟಿ ಕೊಟ್ಟು ಲೈನಿನಲ್ಲಿ ಕೂರಿಸಿ ಪೂರ್ತಿ ಕೆಲಸ ಮಾಡಿಸಿಕೊಂಡರೆ ಅವಳು ಅಪ್ರೆಂಟಿಸ್ ಆಗುವುದಿಲ್ಲ.

ಆರು ತಿಂಗಳಿಗೆ ಯಾಕಿಷ್ಟು ರಗಳೆ ಎನ್ನಬಹುದು. ಈ ಯೋಜನೆಯಲ್ಲಿ ಒಟ್ಟು ಸೇವೆಯನ್ನು ಪೂರ್ಣ ವರ್ಷಕ್ಕೆ ತಿರುಗಿಸುತ್ತಾರೆ. ಉಳಿಕೆ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಇದ್ದರೆ ಒಂದು ವರ್ಷವೆಂದೇ ಲೆಕ್ಕ, ಕಡಿಮೆ ಇದ್ದರೆ ಸೊನ್ನೆ. ಹಾಗಾಗಿ 9 ವರ್ಷ 6 ತಿಂಗಳು ಎಂದರೆ 10 ವರ್ಷವಾಯಿತು. 9 ವರ್ಷ 5 ತಿಂಗಳು ಎಂದರೆ 9 ವರ್ಷ. ಇವಳ ದಾಖಲೆಯಲ್ಲಿ ಮೊದಲ ಕಾರ್ಖಾನೆಯ 36 ತಿಂಗಳು, ಕೊನೆಯದರ 75 ತಿಂಗಳು, ಕೂಡಿದರೆ 111 ತಿಂಗಳು: 9 ವರ್ಷ 3 ತಿಂಗಳು. ಪ್ರೊಬೇಷನ್ನಿನ ಆರು ತಿಂಗಳು ಸೇರಿದ್ದರೆ 117 ತಿಂಗಳು, ಅಂದರೆ 9 ವರ್ಷ 9 ತಿಂಗಳಾಗಿ ಪಿಂಚಣಿ ಕೈಗೆ ಬರುತ್ತಿತ್ತು. (ಲೆಕ್ಕ ಸಲೀಸಾಗಲಿ ಎಂದು ಸಂಬಳವಿಲ್ಲದ ರಜೆಯ ದಿನಗಳನ್ನು ಇಲ್ಲಿ ಬಿಟ್ಟಿದ್ದೇನೆ. ಮಾಲೀಕರು ತಿಂಗಳ ಲೆಕ್ಕದಲ್ಲಿ ಎನ್‌ಸಿಪಿ ದಿನಗಳು ಎಂದು ಅವನ್ನು ತೋರಿಸುತ್ತಾರೆ. ಅವು ಸೇವೆಯಲ್ಲಿ ಕಳೆದುಹೋಗುತ್ತವೆ.)

ಇನ್ನು ಗುತ್ತಿಗೆಯ ಮೂರು ವರ್ಷ. ಪಿಎಫ್ ಕಾಯ್ದೆಯ ‘ನೌಕರ’ ಎಂಬ ವ್ಯಾಖ್ಯೆಯಲ್ಲೇ ಗುತ್ತಿಗೆದಾರನ ಮೂಲಕ ದುಡಿಯುವವರೂ ಸೇರಿದ್ದಾರೆ. ಗುತ್ತಿಗೆದಾರ ಕಟ್ಟದಿದ್ದರೆ ಕಟ್ಟುವ ಹೊಣೆ ಮೂಲ ಮಾಲೀಕನದು, ಆಮೇಲೆ ಬೇಕಿದ್ದರೆ ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಗುತ್ತಿಗೆ ಬದಲಾಗುವಾಗ ನಡುವೆ ನಾಲ್ಕು ದಿನವೋ ನಾಲ್ಕು ತಿಂಗಳೋ ಬಿಡುವು ಬಿದ್ದರೂ ಹಿಂದಿನ ಸೇವೆ ಅಳಿಯುವುದಿಲ್ಲ. ಇಲ್ಲಿ ಸೇವೆ ನಿರಂತರವಾಗಿರಬೇಕೆಂಬ ಷರತ್ತಿಲ್ಲ, ಎಲ್ಲ ತುಂಡುಗಳನ್ನೂ ಕೂಡುತ್ತಾರೆ. ನಮ್ಮ ಉದಾಹರಣೆಯ ಗುತ್ತಿಗೆದಾರ ಸರಿಯಾಗಿಯೇ ಕಟ್ಟಿದ್ದ.

ಹಾಗಿದ್ದರೆ ಆ ಮೂರು ವರ್ಷ ಕಳೆದದ್ದು ಹೇಗೆ? ಅವಳೇ ತೆಗೆದಳು. 2018ರಲ್ಲಿ ಕೆಲಸ ಬಿಟ್ಟಾಗ ಮಗಳ ಕಾಲೇಜು ಫೀಸಿಗೆಂದು ಪಿಎಫ್ ಹಣಕ್ಕೆ ಫಾರಂ 19 ಹಾಕಿದಳು. ಜೊತೆಗೆ ‘ಇದಕ್ಕೂ ಒಂದು ಸೈನ್ ಹಾಕಮ್ಮ, ಇನ್ನಷ್ಟು ಬರುತ್ತೆ’ ಎಂದು ಯಾರೋ ಮುಂದಿಟ್ಟ ಫಾರಂ 10ಸಿಗೂ ಸಹಿ ಹಾಕಿದಳು. ಎರಡನೆಯದು ಪಿಂಚಣಿ ನಿಧಿಯ ಹಣ ಹಿಂಪಡೆಯುವ ಅರ್ಜಿ. ಸ್ಥೂಲವಾಗಿ ವರ್ಷಕ್ಕೊಂದು ತಿಂಗಳ ಸಂಬಳದಷ್ಟು ಸಿಗುತ್ತದೆ. ಆಗ ಅವಳ ಪಿಎಫ್ ಸಂಬಳ 8,000 ಎಂದುಕೊಂಡರೆ ಸುಮಾರು 24,000 ರೂಪಾಯಿ ಬಂದಿರಬೇಕು. ಅದು ಖಾತೆಗೆ ಬಿದ್ದ ಕ್ಷಣವೇ ಆ ಮೂರು ವರ್ಷದ ಸೇವೆ ಲೆಕ್ಕದಿಂದ ಅಳಿಯಿತು. ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು? ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಪಿಂಚಣಿಯ ಸೂತ್ರ. ಸರಾಸರಿ 12,000 ಇದ್ದರೆ ಆ ಮೂರು ವರ್ಷದ ಪಾಲೇ ತಿಂಗಳಿಗೆ 514 ರೂಪಾಯಿ, ಅದೂ ಬದುಕಿರುವ ತನಕ. 24,000 ರೂಪಾಯಿ ಎಂದರೆ ಆ ಪಾಲಿನ ನಾಲ್ಕು ವರ್ಷದ ಕಂತಿಗಿಂತ ಕಡಿಮೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಅರ್ಹತೆಯೇ ಕೈತಪ್ಪಿತು.

ಅವಳನ್ನು ದೂರುವಂತಿಲ್ಲ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಹಣವೇ ಉಳಿತಾಯ, ಸಾಲ, ಆಪತ್ಕಾಲದ ಆಸರೆ ಎಲ್ಲವೂ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಹೊರಟಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳಿಗೆ ಇಳಿದವರು ಇವರೇ, ಆ ಆದೇಶವನ್ನು ವಾಪಸು ತೆಗೆಸಿದವರೂ ಇವರೇ. ಕೈಯಲ್ಲಿ ಕಾಸಿಲ್ಲದಾಗ ಪಿಎಫ್ ತೆಗೆಯಿರಿ, ತಪ್ಪೇನಿಲ್ಲ. ಆದರೆ ಫಾರಂ 19 ಬೇರೆ, 10ಸಿ ಬೇರೆ. ಅದೇ 10ಸಿಯಲ್ಲಿ ಹಣದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿಕೊಳ್ಳಬಹುದು. ಆಗ ಸೇವೆಯ ವರ್ಷಗಳು ಕಾಗದದ ಮೇಲೆ ಜೋಪಾನವಾಗಿ ಉಳಿದು, ಮುಂದಿನ ಕೆಲಸದ ಸೇವೆಗೆ ಕೂಡಿಕೊಳ್ಳುತ್ತವೆ. ಒಂಬತ್ತೂವರೆ ವರ್ಷ ತುಂಬಿದವರಿಗಂತೂ ಹಣ ಹಿಂಪಡೆಯಲು ಬರುವುದೇ ಇಲ್ಲ.

ಪಾರ್ಟ್ ಟೈಮ್ ಸೇವೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಿನಕ್ಕೆ ಇಷ್ಟು ತಾಸು ದುಡಿಯಬೇಕು ಎಂದು ವ್ಯಾಖ್ಯೆ ಹೇಳುವುದಿಲ್ಲ. ನಾಲ್ಕು ತಾಸು ಲೆಕ್ಕ ಬರೆಯುವ ಗುಮಾಸ್ತನ ಹೆಸರಲ್ಲಿ ವಂತಿಗೆ ಹೋಗುತ್ತಿದ್ದರೆ ಅವನ ವರ್ಷವೂ ಪೂರ್ತಿ ವರ್ಷವೇ. ಸಂಬಳ ಕಡಿಮೆಯಿದ್ದಷ್ಟು ಪಿಂಚಣಿಯ ಮೊತ್ತ ಕಡಿಮೆಯಾಗುತ್ತದೆ, ಅರ್ಹತೆಯಲ್ಲ. ಹಂಗಾಮಿನಲ್ಲಷ್ಟೇ ಕೆಲಸವಿರುವ ಸಕ್ಕರೆ ಕಾರ್ಖಾನೆಗಳ ಕಾರ್ಮಿಕರಿಗೆ ಇನ್ನೂ ಒಳ್ಳೆಯ ನಿಯಮವಿದೆ: ಅರ್ಹತೆ ಎಣಿಸುವಾಗ ಹಂಗಾಮಿ ನೌಕರರ ಒಂದು ವರ್ಷದ ಸೇವೆ ವರ್ಷಕ್ಕಿಂತ ಕಡಿಮೆಯಿದ್ದರೂ ಪೂರ್ಣ ವರ್ಷ ಎಂದೇ ಪರಿಗಣಿಸಬೇಕು.

ಸರ್ಕಾರಿ ನೌಕರಿಯ ಹಳೆ ಪಿಂಚಣಿಯಲ್ಲಿ ಇದೇ ಮೂರು ಪದಗಳ ಹಣೆಬರಹ ಬೇರೆ. ಕೇಂದ್ರದ ನಿಯಮಗಳಲ್ಲಿ ಪ್ರೊಬೇಷನ್ ಅವಧಿ ಸೇರುತ್ತದೆ, ಕಾಯಂ ಆಗಬೇಕು ಅಷ್ಟೆ. ಗುತ್ತಿಗೆಯ ವರ್ಷಗಳು ಸೇರಬೇಕಾದರೆ ನಡುವೆ ಕಡಿತವಿಲ್ಲದೆ ಕಾಯಂ ಹುದ್ದೆಗೆ ಬಂದಿರಬೇಕು. ಗುತ್ತಿಗೆ ಕಾಲಕ್ಕೆಂದು ಸರ್ಕಾರ ಕೊಟ್ಟ ಭವಿಷ್ಯ ನಿಧಿಯ ಪಾಲನ್ನು ಬಡ್ಡಿಸಮೇತ ಹಿಂದಿರುಗಿಸಲು ಒಪ್ಪಬೇಕು. ದಿನಕ್ಕೆ ಕೆಲವೇ ತಾಸು ದುಡಿಯುವ ಗ್ರಾಮೀಣ ಡಾಕ್ ಸೇವಕರು ಆಮೇಲೆ ಇಲಾಖೆಯ ಕಾಯಂ ನೌಕರರಾದರೂ ಹಿಂದಿನ ಸೇವೆಯನ್ನು ಪಿಂಚಣಿಗೆ ಕೂಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿತು. ಇಪ್ಪತ್ತು ವರ್ಷ ಊರಿನ ಟಪಾಲು ಹಂಚಿ, ಕಾಯಂ ಆದಮೇಲೆ ಹತ್ತು ವರ್ಷ ತುಂಬುವ ಮೊದಲೇ ನಿವೃತ್ತರಾದವರಿಗೆ ಇದು ಕಠಿಣವೇ ಸರಿ. ನಿಯಮ ಸಡಿಲಿಸುವ ಅಧಿಕಾರ ಬಳಸಿ ಇಂಥವರ ಪ್ರಕರಣ ಪರಿಶೀಲಿಸಿ ಎಂದು ಕೋರ್ಟೇ ಇಲಾಖೆಗೆ ಹೇಳಿತು.

ಮತ್ತೆ ನಮ್ಮ ಟೈಲರಮ್ಮನ ಕಡೆಗೆ ಬರೋಣ. ಪಿಎಫ್ ಸದಸ್ಯರ ಪೋರ್ಟಲ್‌ಗೆ ಯುಎಎನ್ ಹಾಕಿ ಒಳಹೋದರೆ `View` ಅಡಿಯಲ್ಲಿ `Service History` ಸಿಗುತ್ತದೆ. ಸೇರಿದ ದಿನ, ಬಿಟ್ಟ ದಿನ ಅಲ್ಲೇ ಇರುತ್ತವೆ. ಅದನ್ನು ನೇಮಕದ ಪತ್ರದ ಪಕ್ಕದಲ್ಲಿಟ್ಟು ನೋಡಿದರೆ ಪ್ರೊಬೇಷನ್ ಅವಧಿಯನ್ನು ನುಂಗಿದ್ದಾರೋ ಇಲ್ಲವೋ ಗೊತ್ತಾಗುತ್ತದೆ. ಪಾಸ್‌ಬುಕ್‌ನಲ್ಲಿ ಪಿಂಚಣಿ ವಂತಿಗೆಯ ಕಾಲಂ ಪ್ರತಿ ತಿಂಗಳೂ ತುಂಬಿರಬೇಕು. 2014ರ ಸೆಪ್ಟೆಂಬರ್ 1ರಿಂದ ಈಚೆಗೆ ಮೊದಲ ಬಾರಿ ಪಿಎಫ್‌ಗೆ ಸೇರಿದವರ ಸಂಬಳ ಆಗಲೇ 15,000ಕ್ಕಿಂತ ಹೆಚ್ಚಿದ್ದರೆ ಅವರು ಪಿಂಚಣಿ ಯೋಜನೆಯ ಸದಸ್ಯರೇ ಅಲ್ಲ. ಅಂಥವರ ಕಾಲಂ ಖಾಲಿಯಿರುವುದೇ ಸರಿ. ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿದಾಗ ಪಿಂಚಣಿ ಕಾಲಂನಲ್ಲಿ ಸೊನ್ನೆ ಕಂಡು ಎದೆ ಒಡೆದುಕೊಳ್ಳುವವರೂ ಇದ್ದಾರೆ. ವರ್ಗಾವಣೆಯಲ್ಲಿ ಸೇವೆಯ ಅವಧಿ ಮುಂದೆ ಹೋಗುತ್ತದೆಯೇ ಹೊರತು ಪಿಂಚಣಿ ಹಣ ಪಾಸ್‌ಬುಕ್‌ನಲ್ಲಿ ಹಿಂಬಾಲಿಸುವುದಿಲ್ಲ.

ಆರು ತಿಂಗಳು ನುಂಗಿದ್ದಕ್ಕೆ ದೂರು ಕೊಡಲು ದಾರಿಯಿದೆ. ಪಿಂಚಣಿಗೆ ಸಲ್ಲುವುದು ವಂತಿಗೆ ಬಂದ ಸೇವೆ ಮಾತ್ರವಲ್ಲ, ಬರಬೇಕಾಗಿದ್ದ ಸೇವೆಯೂ ಹೌದು ಎಂದು ಯೋಜನೆಯಲ್ಲೇ ಇದೆ. ಕಾಯ್ದೆಯ 7ಎ ಕಲಮಿನಡಿ ಅಧಿಕಾರಿ ವಿಚಾರಣೆ ನಡೆಸಿ ಮಾಲೀಕನ ಬಾಕಿ ನಿಗದಿಮಾಡಬಲ್ಲರು. ಅದಕ್ಕೆ ನೇಮಕದ ಪತ್ರ, ಸಂಬಳದ ಚೀಟಿ, ಬ್ಯಾಂಕಿಗೆ ಸಂಬಳ ಬಿದ್ದ ದಾಖಲೆ ಬೇಕು. ಎಷ್ಟೋ ಸಲ ಮೊದಲ ತಿಂಗಳಿಂದಲೇ ಮಾಡಿಸಿದ ಇಎಸ್‌ಐ ಕಾರ್ಡೇ ಸಾಕ್ಷಿಯಾಗುತ್ತದೆ. ಆದರೆ ಹನ್ನೆರಡು ವರ್ಷದ ಹಿಂದಿನ ಕಾಗದ ಹುಡುಕುವುದು, ಕಾರ್ಖಾನೆ ಮುಚ್ಚಿದ್ದರೆ ಅದರ ಮಾಲೀಕನನ್ನು ಹುಡುಕುವುದು ಸಣ್ಣ ಕೆಲಸವಲ್ಲ.

ಅವಳಿಗೆ ಇನ್ನೂ ಹತ್ತಿರದ ದಾರಿ ಒಂದಿದೆ. ಬೇಕಾಗಿರುವುದು ಮೂರು ತಿಂಗಳು. ಪಿಎಫ್ ಇರುವ ಯಾವುದಾದರೂ ಕೆಲಸಕ್ಕೆ, ಗುತ್ತಿಗೆಯಾದರೂ ಸರಿ, ಅದೇ ಯುಎಎನ್ ಕೊಟ್ಟು ಸೇರಿ ರಜೆ ಹಾಕದೆ ಮೂರು ತಿಂಗಳು ದುಡಿದರೆ ಒಂಬತ್ತೂವರೆ ವರ್ಷ ತುಂಬುತ್ತದೆ; ಒಂದೆರಡು ತಿಂಗಳು ಹೆಚ್ಚಿಗೆ ಇದ್ದರೆ ಇನ್ನೂ ಕ್ಷೇಮ. ಆದರೆ ಇದೂ 58ರ ಒಳಗೆ ಆಗಬೇಕು. ಆ ವಯಸ್ಸು ದಾಟಿದಮೇಲೆ ಕೆಲಸ ಮುಂದುವರಿಸಿದರೂ ಪಿಂಚಣಿ ಯೋಜನೆಯ ಸದಸ್ಯತ್ವ ಮುಗಿಯುತ್ತದೆ, ಆಮೇಲಿನ ಸೇವೆ ಅರ್ಹತೆಗೆ ಸೇರುವುದಿಲ್ಲ. ನಿಮಗೆ ನಲವತ್ತೆಂಟು ದಾಟಿದ್ದರೆ ಈ ವಾರವೇ ಒಮ್ಮೆ ನಿಮ್ಮ ಸೇವೆಯ ತಿಂಗಳುಗಳನ್ನು ಕೂಡಿ ನೋಡಿ.