ಎಪಿಎಂಸಿಯ ‘ಮಾದರಿ ದರ’ ಎಲ್ಲಿಂದ ಬರುತ್ತೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದ ನಮ್ಮಲ್ಲಿ ಬಹಳ ಜನರ ಫೀಸು, ಹಾಸ್ಟೆಲ್ ಖರ್ಚು ಎಲ್ಲಾ ಕೊನೆಗೆ ನಿಲ್ಲೋದು ಭತ್ತ ಅಥವಾ ಮೆಕ್ಕೆಜೋಳದ ರೇಟಿನ ಮೇಲೆ. ಆ ರೇಟು ದಿನಾ ಪೇಪರ್‌ನಲ್ಲಿ, ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಮೂರು ಅಂಕಿಗಳಾಗಿ ಬರುತ್ತೆ: ಕನಿಷ್ಠ, ಗರಿಷ್ಠ, ಮಾದರಿ. ಮೊದಲ ಎರಡು ಅರ್ಥ ಆಗುತ್ತೆ. ಮೂರನೇದನ್ನು ಕೆಲವರು ಸರಾಸರಿ ಅಂತಾರೆ, ಕೆಲವರು ಸರ್ಕಾರ ನಿಗದಿ ಮಾಡಿದ ರೇಟು ಅಂತಾರೆ. ಎರಡೂ ಅಲ್ಲ. ಅದು ನಾವು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಓದಿದ ಮೋಡ್. ಅವತ್ತು ಹೆಚ್ಚು ಮಾಲು ಯಾವ ಬೆಲೆಗೆ ಮಾರಾಟ ಆಯ್ತೋ ಆ ಬೆಲೆ.

ಮೊದಲು ಒಂದು ರಾಶಿಗೆ ಬೆಲೆ ಹೇಗೆ ಬೀಳುತ್ತೆ ನೋಡೋಣ. ಇ-ಟೆಂಡರ್ ನಡೆಯುವ ಎಪಿಎಂಸಿಯಲ್ಲಿ ರೈತರ ಮಾಲು ದಲಾಲಿ ಅಂಗಡಿ ಮುಂದೆ ಇಳಿಯುತ್ತೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ಖರೀದಿದಾರರು ರಾಶಿಗಳ ನಡುವೆ ಓಡಾಡಿ, ಕಾಳು ಕೈಯಲ್ಲಿ ಹಿಡಿದು ನೋಡಿ, ನಿಗದಿತ ಸಮಯದೊಳಗೆ ತಮ್ಮ ರೇಟನ್ನು ಆನ್‌ಲೈನ್‌ನಲ್ಲಿ ಹಾಕ್ತಾರೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣಲ್ಲ. ಸಮಯ ಮುಗಿದ ಮೇಲೆ ಲಾಟಿಗೆ ಅತಿ ಹೆಚ್ಚು ಕೋಟ್ ಮಾಡಿದವರ ಹೆಸರು ಬರುತ್ತೆ. ರೈತ ಒಪ್ಪಿದರೆ ತೂಕ, ಬಿಲ್ಲು. ಒಪ್ಪದಿದ್ದರೆ ಮಾಲು ಅಲ್ಲೇ ಉಳಿಯುತ್ತೆ.

ಹತ್ತು ಜನ ಕೋಟ್ ಮಾಡಿದ್ರೂ ದಿನದ ದರದ ಲೆಕ್ಕಕ್ಕೆ ಹೋಗೋದು ಗೆದ್ದ ಒಂದೇ ಕೋಟ್, ಅದೂ ಮಾರಾಟ ಆದರೆ ಮಾತ್ರ. ರೇಟು ಕುಸಿದ ದಿನ ‘ಇಷ್ಟಕ್ಕೆ ಕೊಡಲ್ಲ’ ಅಂತ ಎಷ್ಟೋ ರೈತರು ಮಾಲು ಹಿಡ್ಕೊಂಡರೆ, ಆ ‘ಇಲ್ಲ’ ದರಪಟ್ಟಿಯಲ್ಲಿ ಎಲ್ಲೂ ಕಾಣಲ್ಲ.

ಈಗ ಲೆಕ್ಕ. ಇದು ನಾವೇ ಮಾಡಿದ ಉದಾಹರಣೆ, ಯಾವ ಮಾರುಕಟ್ಟೆಯ ನಿಜವಾದ ದಿನವೂ ಅಲ್ಲ. ಒಂದು ದಿನ 200 ಕ್ವಿಂಟಲ್ ಮೆಕ್ಕೆಜೋಳ, ಏಳು ಲಾಟು:

10 ಕ್ವಿಂಟಲ್ – ₹1,600 (ಹಸಿ ಮಾಲು)
40 ಕ್ವಿಂಟಲ್ – ₹1,940
60 ಕ್ವಿಂಟಲ್ – ₹2,040
50 ಕ್ವಿಂಟಲ್ – ₹2,040
25 ಕ್ವಿಂಟಲ್ – ₹2,060
10 ಕ್ವಿಂಟಲ್ – ₹2,100
5 ಕ್ವಿಂಟಲ್ – ₹2,180

ಕನಿಷ್ಠ 1,600, ಗರಿಷ್ಠ 2,180. ಇವೆರಡರ ನಡುಮಧ್ಯ 1,890, ಆದರೆ ಆ ಬೆಲೆಗೆ ಅವತ್ತು ಯಾರೂ ಮಾರಿಲ್ಲ. ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದರೆ ಸರಾಸರಿ 2,007. ಮಾದರಿ ದರ ಮಾತ್ರ 2,040, ಯಾಕಂದ್ರೆ 110 ಕ್ವಿಂಟಲ್ ಆ ಬೆಲೆಗೇ ಹೋಗಿದೆ. ಒಂದು ಹಸಿ ಲಾಟು ಸರಾಸರಿಯನ್ನು ಕೆಳಗೆ ಎಳೀತು, ಮಾದರಿ ದರ ಅಲುಗಾಡಲಿಲ್ಲ. ಮೋಡ್ ಬಳಸೋದರ ಲಾಭ ಇದು.

ಇದೇ ಗುಣ ಇನ್ನೊಂದು ದಿನ ಮೋಸ ಮಾಡುತ್ತೆ. ಮರುದಿನ ಮಳೆ ಹನಿಯಿತು ಅಂದ್ಕೊಳ್ಳಿ. ಅವೇ ಏಳು ಲಾಟಿನಷ್ಟು ಮಾಲು ಅವೇ ಬೆಲೆಗೆ ಹೋಯ್ತು. ಜತೆಗೆ ಒಣಗದೆ ಬಂದ 120 ಕ್ವಿಂಟಲ್ ಮಾಲು 1,700ಕ್ಕೆ ಮಾರಾಟ ಆಯ್ತು. ಈಗ ಹೆಚ್ಚು ಮಾಲು ಹೋಗಿರೋದು 1,700ಕ್ಕೆ. ಮಾದರಿ ದರ ಒಂದೇ ರಾತ್ರಿಗೆ 340 ರೂಪಾಯಿ ‘ಕುಸಿಯಿತು’. ಆದರೆ ಒಣ ಮೆಕ್ಕೆಜೋಳ ತಂದವರಿಗೆ ಒಂದು ರೂಪಾಯಿಯೂ ಕಡಿಮೆ ಆಗಿಲ್ಲ! ಬದಲಾದದ್ದು ಬಂದ ಮಾಲು, ಮಾರುಕಟ್ಟೆ ಅಲ್ಲ. ಇದನ್ನು ಪತ್ತೆ ಹಚ್ಚೋದು ಸುಲಭ: ಮಾದರಿ ದರ ಬಿದ್ದಿದ್ದರೂ ಗರಿಷ್ಠ ದರ ಅಲ್ಲೇ ಇದ್ದು, ಆವಕ ಏಕಾಏಕಿ ಏರಿದ್ದರೆ ಅನುಮಾನ ಪಡಬೇಕು. ಎಲ್ಲಾ ತರದ ಮಾಲಿಗೂ ಬೇಡಿಕೆ ಬಿದ್ದಿದ್ದರೆ ಗರಿಷ್ಠವೂ ಇಳಿಯುತ್ತಿತ್ತು.

ಹಸಿ ಮಾಲಿಗೆ ಕಡಿಮೆ ಕೊಡೋದು ಎಷ್ಟರ ಮಟ್ಟಿಗೆ ಸರಿ? ಬೆಂಬಲ ಬೆಲೆ ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶದ ಮಿತಿ 14%. 20% ತೇವಾಂಶದ 100 ಕೆಜಿಯಲ್ಲಿ ನೀರು ಬಿಟ್ಟು 80 ಕೆಜಿ ಇದೆ. ಅದನ್ನು 14%ಗೆ ಒಣಗಿಸಿದರೆ ಸಿಗೋದು 80/0.86, ಅಂದ್ರೆ 93 ಕೆಜಿ. ಒಣ ಮಾಲಿನ 2,040ರ ಲೆಕ್ಕದಲ್ಲಿ ಆ ಹಸಿ ಕ್ವಿಂಟಲ್‌ನ ಬೆಲೆ ಸುಮಾರು 1,898. 1,700 ಸಿಕ್ಕಿದರೆ ಮಿಕ್ಕ ಸುಮಾರು 200 ರೂಪಾಯಿ ಒಣಗಿಸುವ ಖರ್ಚು, ಬೂಸ್ಟು ಹಿಡಿಯುವ ಭಯದ ಹೆಸರಲ್ಲಿ ಕಡಿತ ಆಗಿದೆ ಅಂತ. ಚೌಕಾಸಿ ಮಾಡಬೇಕಾದದ್ದು ಆ 200ರ ಬಗ್ಗೆ.

ಗಂಗಾವತಿ ಭತ್ತದ ಕಥೆ ಸ್ವಲ್ಪ ಬೇರೆ. ಅಲ್ಲಿ ಮಾತು ನಡೆಯೋದು 75 ಕೆಜಿ ಚೀಲದ ಲೆಕ್ಕದಲ್ಲಿ, ದರಪಟ್ಟಿ ಬರೋದು ಕ್ವಿಂಟಲ್‌ನಲ್ಲಿ. ಚೀಲಕ್ಕೆ 1,800 ಅಂದ್ರೆ ಕ್ವಿಂಟಲ್‌ಗೆ 2,400. ಭಾಗಿಸದೆ ಹೋಲಿಸಿದರೆ ಎಡವಟ್ಟು. ಸೋನಾ ಮಸೂರಿ, ಆರ್‌ಎನ್‌ಆರ್ ತರದ ತಳಿಗಳಿಗೆ ಬೇರೆ ಬೇರೆ ಬೆಲೆ ಇರೋದರಿಂದ ದರಪಟ್ಟಿಯಲ್ಲಿ ತಳಿಯ ಹೆಸರನ್ನೂ ನೋಡಲೇಬೇಕು. ಇನ್ನೊಂದು ಮಾತು, ಗದ್ದೆಯಿಂದಲೇ ನೇರ ಗಿರಣಿಗೆ ಹೋದ ಭತ್ತ ಈ ಲೆಕ್ಕದಲ್ಲಿ ಇರಲ್ಲ. ಯಾರ್ಡಿಗೆ ಬಂದ ಮಾಲು ಕಡಿಮೆ ಇದ್ದ ದಿನ ಒಂದೆರಡು ಲಾಟೇ ಇಡೀ ತಾಲ್ಲೂಕಿನ ‘ರೇಟು’ ಆಗಿಬಿಡುತ್ತೆ.

ಹಾಗಾದ್ರೆ ಈ ಅಂಕಿಯನ್ನು ಯಾರು ನಂಬ್ಕೊಂಡಿದ್ದಾರೆ? ಇವತ್ತು ಟ್ರ್ಯಾಕ್ಟರ್ ಹೂಡಬೇಕಾ, ಒಂದು ವಾರ ಕಾಯಬೇಕಾ ಅಂತ ಯೋಚಿಸುವ ರೈತ. ಹಳ್ಳಿಗೇ ಬಂದು ಖರೀದಿಸುವ ವ್ಯಾಪಾರಿ, ಅವನು ಈ ದರದಲ್ಲಿ ಸಾಗಾಣಿಕೆ, ಹಮಾಲಿ ಕಳೆದು ತನ್ನ ರೇಟು ಹೇಳ್ತಾನೆ. ಗೋದಾಮಿನ ರಸೀದಿ ಮೇಲೆ ಸಾಲ ಕೊಡುವ ಬ್ಯಾಂಕೂ ಮಾರುಕಟ್ಟೆ ಬೆಲೆ ನೋಡಿಯೇ ಮಾಲಿಗೆ ಬೆಲೆ ಕಟ್ಟುತ್ತೆ.

ಕೆಲವೊಮ್ಮೆ ಸರ್ಕಾರವೂ ಇದರ ಮೇಲೆ ನೇರ ಹಣ ಕೊಡುತ್ತೆ. 2017ರಲ್ಲಿ ಮಧ್ಯಪ್ರದೇಶ ಭಾವಾಂತರ ಯೋಜನೆ ತಂದಿತು. ಮಾರುಕಟ್ಟೆಗಳ ದರಗಳಿಂದ ಒಂದು ಮಾದರಿ ದರ ಘೋಷಿಸಿ, ಬೆಂಬಲ ಬೆಲೆಗೂ ಅದಕ್ಕೂ ಇರುವ ಅಂತರ ಕೊಡುವುದು ಅದರ ನಿಯಮ. ಸೋಯಾಬೀನ್ ಬೆಂಬಲ ಬೆಲೆ 3,050, ಘೋಷಿಸಿದ ಮಾದರಿ ದರ 2,580, ಅಂತರ 470. 2,580ಕ್ಕೇ ಮಾರಿದವರಿಗೆ ಪೂರ್ತಿ 3,050 ಸಿಕ್ಕಂತಾಯ್ತು. 2,200ಕ್ಕೆ ಮಾರಿದವರಿಗೂ ಅದೇ 470, ಅಂದ್ರೆ ಒಟ್ಟು 2,670 ಮಾತ್ರ. ಮಾದರಿ ದರಕ್ಕಿಂತ ಕಡಿಮೆಗೆ ಮಾರಿದ ನಷ್ಟ ರೈತನ ತಲೆಗೇ ಬಿತ್ತು.

2025–26ರ ಮೆಕ್ಕೆಜೋಳದ ಬೆಂಬಲ ಬೆಲೆ 2,400. ಅದರ ಪಕ್ಕ ಯಾರಾದರೂ ಮಾದರಿ ದರ ಇಟ್ಟು ವಾದ ಮಾಡಿದಾಗ ನಾವು ಕೇಳಬೇಕಾದದ್ದು ಇಷ್ಟೇ: ಅವತ್ತು ಆವಕ ಎಷ್ಟು, ತಳಿ ಯಾವುದು, ಮಾಲು ಒಣಗಿತ್ತಾ, ಗರಿಷ್ಠ ದರ ಅಲುಗಾಡಿತಾ? ಮನೆಯಲ್ಲಿ ಅಪ್ಪ ಫೋನ್‌ನಲ್ಲಿ ‘ರೇಟ್ ಬಿದ್ದೈತಿ’ ಅಂದಾಗಲೂ ಮೊದಲು ಕೇಳಬೇಕಾದ ಪ್ರಶ್ನೆಗಳು ಇವೇ.